ಬಾಡಿಗೆ ಲೆಕ್ಕ ಎಲ್ಲಿ ಇಡೋದು: ನೋಟ್‌ಬುಕ್ಕಾ, ಆ್ಯಪಾ, ಶೀಟಾ? ಒಂದೇ ಮನೆಯ ಲೆಕ್ಕ ಮೂರು ಕಡೆ

ಕೊಪ್ಪಳದಲ್ಲಿ ಭಾಗ್ಯನಗರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಕಟ್ಟಡ ಇದೆ. ಕೆಳಗೆ ಎರಡು ಮಳಿಗೆ, ಮೇಲೆ ನಾಲ್ಕು ಮನೆ. ಕಟ್ಟಿಸಿದ್ದು ಅಪ್ಪಾಜಿ, ಬಾಡಿಗೆ ಎತ್ತೋದೂ ಅಪ್ಪಾಜಿನೇ. ಲೆಕ್ಕ ಇದ್ದದ್ದು ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿ. 2024ರ ನವೆಂಬರ್ ಕೊನೆಗೆ ಮೂರನೇ ನಂಬರ್ ಮನೆಯ ಹುಡುಗ ಮನೆ ಖಾಲಿ ಮಾಡಿದ. ಅವತ್ತು ಸಂಜೆ ಮೆಟ್ಟಿಲ ಮೇಲೆ ನಿಂತು ಇಬ್ಬರೂ ಮಾತಾಡಿದ್ದು ನನಗೆ ಈಗಲೂ ನೆನಪಿದೆ.

"ಡಿಪಾಜಿಟ್ ಮೂವತ್ತು ಸಾವಿರ ಐತ್ರಿ ಅಣ್ಣಾರ," ಅಂದ ಅವನು.

"ಎಲ್ಲೀದಪ್ಪಾ ಮೂವತ್ತು? ಬುಕ್ಕಿನಾಗ ಇಪ್ಪತ್ತ ಐತಿ ನೋಡು," ಅಂತ ಅಪ್ಪಾಜಿ ಪುಟ ತೆರೆದು ತೋರಿಸಿದರು.

ಇಬ್ಬರೂ ಸುಳ್ಳು ಹೇಳುವವರಲ್ಲ. ಬುಕ್ಕಿನಲ್ಲೂ ಇಪ್ಪತ್ತೇ ಇತ್ತು. ಆದರೆ ಅವನು ಹೇಳಿದ್ದೇ ನಿಜ ಅಂತ ಗೊತ್ತಾಗೋಕೆ ಎರಡು ದಿನ ಬೇಕಾಯ್ತು. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿದೆ, ಅವನ ಫೋನ್‌ಪೇ ಹಿಸ್ಟರಿ ನೋಡಿದೆ, ಅವ್ವನ ಫೋನನ್ನೂ ಕೆದಕಿದೆ. ಅದಾದ ಮೇಲೆ ಅದೇ ಮನೆಯ ಆರು ತಿಂಗಳ ಲೆಕ್ಕವನ್ನು ಮೂರು ಕಡೆ ಬರೆದು ನೋಡಿದೆ: ಅಪ್ಪಾಜಿಯ ನೋಟ್‌ಬುಕ್ಕು, ಅಂಗಡಿಯವರು ಬಳಸುವ ಉದ್ರಿ ಲೆಕ್ಕದ ಆ್ಯಪು, ಮತ್ತೆ ಗೂಗಲ್ ಶೀಟ್ಸ್. ಯಾವುದು ಎಲ್ಲಿ ಎಡವುತ್ತದೆ ಅಂತ ಅಲ್ಲಿ ಚೆನ್ನಾಗಿ ಕಂಡಿತು. ಐದಾರು ಮನೆ ಬಾಡಿಗೆಗೆ ಕೊಟ್ಟಿರುವವರಿಗೆ ಇದು ಉಪಯೋಗ ಆಗಬಹುದು.

ಮೊದಲು ಆ ಮನೆಯ ಕಥೆ

ಹುಡುಗ ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಜೂನ್ 12ಕ್ಕೆ ಬಂದ. ಬಾಡಿಗೆ ತಿಂಗಳಿಗೆ 6,500. ಡಿಪಾಜಿಟ್ 30,000 ಅಂತ ಮಾತಾಯಿತು, ಆದರೆ ಬಂದ ದಿನ ಅವನ ಕೈಯಲ್ಲಿ ಇದ್ದದ್ದು 20,000. "ಉಳಿದ ಹತ್ತು ಎರಡು ಕಂತಿನಾಗ ಕೊಡ್ತೀನ್ರಿ" ಅಂದ, ಅಪ್ಪಾಜಿ ಒಪ್ಪಿದರು.

ಜೂನ್ ಪೂರ್ತಿ ತಿಂಗಳಲ್ಲ. 12ರಿಂದ 30ರವರೆಗೆ 19 ದಿನ. 6,500ನ್ನು 30ರಿಂದ ಭಾಗಿಸಿ 19ರಿಂದ ಗುಣಿಸಿದರೆ 4,116 ಚಿಲ್ಲರೆ ಬರುತ್ತದೆ. 4,100 ಅಂತ ಮಾಡಿಕೊಂಡರು. ಆಮೇಲೆ ಜುಲೈನಿಂದ ನವೆಂಬರ್‌ವರೆಗೆ ಐದು ಪೂರ್ತಿ ತಿಂಗಳು. ಅಂದರೆ ಒಟ್ಟು ಬರಬೇಕಾದ ಬಾಡಿಗೆ 4,100 ಮತ್ತು 32,500 ಸೇರಿ 36,600.

ನಿಜವಾಗಿ ಬಂದದ್ದು ಹೀಗೆ:

| ತಾರೀಖು | ಮೊತ್ತ | ಹೇಗೆ ಬಂತು | ಯಾತಕ್ಕೆ |
|---|---|---|---|
| 12 ಜೂನ್ | 20,000 | ನಗದು | ಡಿಪಾಜಿಟ್ |
| 12 ಜೂನ್ | 4,100 | ನಗದು | ಜೂನ್ ಬಾಡಿಗೆ |
| 8 ಜುಲೈ | 6,500 | ನಗದು | ಜುಲೈ ಬಾಡಿಗೆ |
| 20 ಜುಲೈ | 5,000 | ಫೋನ್‌ಪೇ, ಅವ್ವನ ನಂಬರಿಗೆ | ಡಿಪಾಜಿಟ್ |
| 10 ಆಗಸ್ಟ್ | 4,500 | ನಗದು | ಆಗಸ್ಟ್ ಬಾಡಿಗೆ, ಭಾಗ |
| 27 ಆಗಸ್ಟ್ | 7,000 | ನಗದು | ಆಗಸ್ಟ್ ಬಾಕಿ 2,000, ಡಿಪಾಜಿಟ್ 5,000 |
| 9 ಸೆಪ್ಟೆಂಬರ್ | 6,500 | ನಗದು | ಸೆಪ್ಟೆಂಬರ್ ಬಾಡಿಗೆ |
| 11 ಅಕ್ಟೋಬರ್ | 3,000 | ನಗದು | ಅಕ್ಟೋಬರ್, ಭಾಗ |
| 24 ಅಕ್ಟೋಬರ್ | 3,000 | ಫೋನ್‌ಪೇ | ಅಕ್ಟೋಬರ್, ಭಾಗ |
| 8 ನವೆಂಬರ್ | 6,500 | ನಗದು | ನವೆಂಬರ್ ಬಾಡಿಗೆ |

ಎಲ್ಲ ಕೂಡಿದರೆ 66,100. ಇದರಲ್ಲಿ ಡಿಪಾಜಿಟ್ 30,000, ಬಾಡಿಗೆ 36,100. ಬರಬೇಕಿದ್ದ ಬಾಡಿಗೆ 36,600. ಅಂದರೆ ಅಕ್ಟೋಬರಿನ 500 ಬಾಕಿ. ಇಷ್ಟೇ ಕಥೆ. ಈಗ ಇದನ್ನು ಮೂರೂ ಕಡೆ ನೋಡೋಣ.

ನೋಟ್‌ಬುಕ್ಕು

ಅಪ್ಪಾಜಿಯ ನೋಟ್‌ಬುಕ್ಕಿನ ರೀತಿ ಬಹಳ ಮನೆಗಳಲ್ಲಿ ಇರುವಂಥದ್ದೇ. ಎಡಗಡೆ ಮನೆ ನಂಬರ್, ಮೇಲೆ ತಿಂಗಳ ಹೆಸರು, ನಡುವೆ ಚೌಕ. ಬಾಡಿಗೆ ಬಂತಾ, ಚೌಕದಲ್ಲಿ ಟಿಕ್. ಡಿಪಾಜಿಟ್ಟು ಮಾತ್ರ ಮೊದಲ ಪುಟದಲ್ಲಿ, ಮನೆಗೆ ಬಂದ ದಿನ ಬರೆದದ್ದು.

ಒಂದು ಪುಟದಲ್ಲಿ ಇಡೀ ವರ್ಷ, ಆರೂ ಬಾಡಿಗೆದಾರರು ಕಾಣುತ್ತಾರೆ. ಟಿಕ್ ಇಲ್ಲದ ಚೌಕ ಕಣ್ಣಿಗೆ ಹೊಡೆಯುತ್ತದೆ. ಕರೆಂಟ್ ಹೋದರೂ ಬುಕ್ಕು ತೆರೆಯುತ್ತದೆ. ಎಲ್ಲರೂ ಪೂರ್ತಿ ಬಾಡಿಗೆ ಒಂದೇ ಸಲ ಕೊಡುವವರಾದರೆ ಇದಕ್ಕಿಂತ ಚಲೋ ಪದ್ಧತಿ ಇಲ್ಲ ಅಂತಲೇ ನಾನು ಹೇಳುತ್ತೇನೆ.

ತೊಂದರೆ ಇರೋದು ಟಿಕ್‌ನಲ್ಲಿ. ಟಿಕ್ ಅಂದರೆ "ಬಂತು" ಅಥವಾ "ಬಂದಿಲ್ಲ", ನಡುವೆ ಏನೂ ಇಲ್ಲ. ಅಕ್ಟೋಬರ್ 24ಕ್ಕೆ ಎರಡನೇ ಮೂರು ಸಾವಿರ ಬಂದಾಗ ಅಪ್ಪಾಜಿ ಟಿಕ್ ಹಾಕಿಬಿಟ್ಟರು. ಐನೂರಿಗೆ ಯಾರು ಚೌಕ ಖಾಲಿ ಬಿಡ್ತಾರೆ, ಅಲ್ವಾ? ಆ ಐನೂರು ಅಲ್ಲಿಗೇ ಮುಗಿಯಿತು. ಜುಲೈ 20ರ ಐದು ಸಾವಿರ ಅವ್ವನ ಫೋನಿಗೆ ಬಂದಿತ್ತು. ಅವ್ವ ಅಡಿಗೆ ಮನೆಯಿಂದಲೇ "ಮೂರನೇ ಮನಿಯವ ರೊಕ್ಕ ಹಾಕ್ಯಾನ" ಅಂದಿದ್ದರಂತೆ. ಅದು ಬುಕ್ಕಿಗೆ ಬರಲೇ ಇಲ್ಲ. ಬರೆಯೋಕೆ ಚೌಕವೂ ಇರಲಿಲ್ಲ ಅನ್ನಿ. ಜುಲೈ ಚೌಕದಲ್ಲಿ ಆಗಲೇ ಟಿಕ್ ಬಿದ್ದಿತ್ತು.

ಆಗಸ್ಟ್ 27ರದ್ದು ಇನ್ನೂ ಮಜಾ. ಚೌಕದ ಪಕ್ಕ ಅಪ್ಪಾಜಿ ಸಣ್ಣಕ್ಷರದಲ್ಲಿ ಬರೆದಿದ್ದರು: "7,000. ಅಡ್ವಾನ್ಸ್ 5." ನಮ್ಮಲ್ಲಿ ಅಡ್ವಾನ್ಸ್ ಅನ್ನೋ ಮಾತಿಗೆ ಎರಡು ಅರ್ಥ. ಮನೆಗೆ ಬರುವಾಗ ಕೊಟ್ಟು, ಬಿಡುವಾಗ ವಾಪಸ್ ತಗೊಳ್ಳೋದೂ ಅಡ್ವಾನ್ಸ್. ಮುಂದಿನ ತಿಂಗಳ ಬಾಡಿಗೆ ಮೊದಲೇ ಕೊಟ್ಟರೂ ಅಡ್ವಾನ್ಸ್. ಹುಡುಗ ಹೇಳಿದ್ದು ಮೊದಲನೆಯದು. ಅಪ್ಪಾಜಿ ತಿಳಿದದ್ದು ಎರಡನೆಯದು. ಸೆಪ್ಟೆಂಬರ್ 9ಕ್ಕೆ ಪೂರ್ತಿ 6,500 ಬಂದಾಗ ಐದು ಸಾವಿರ ಹೆಚ್ಚಾಯಿತಲ್ಲ ಅಂತ ಅವರಿಗೆ ಹೊಳೆಯಬೇಕಿತ್ತು. ಟಿಕ್ ಹಾಕುವವರಿಗೆ ಹೊಳೆಯೋದಿಲ್ಲ, ಯಾಕಂದರೆ ಟಿಕ್ ಕೂಡಿಸೋಕೆ ಬರಲ್ಲ.

ಇಲ್ಲಿ ಕಾನೂನಿನ ಒಂದು ವಿಷಯ ತಿಳಿದಿರಬೇಕು. 1872ರ ಭಾರತೀಯ ಒಪ್ಪಂದ ಕಾಯ್ದೆಯ 59, 60, 61ನೇ ಕಲಂಗಳು ಇದೇ ಜಗಳದ ಬಗ್ಗೆ ಇವೆ. ಒಬ್ಬನಿಂದ ಹಲವು ಬಾಕಿ ಬರಬೇಕು, ಅವನು ಒಂದು ಮೊತ್ತ ಕೊಟ್ಟ, ಅದು ಯಾವ ಬಾಕಿಗೆ? ಕೊಡುವವನು ಇಂಥದ್ದಕ್ಕೆ ಅಂತ ಹೇಳಿ ಕೊಟ್ಟರೆ, ತಗೊಂಡವರು ಅದಕ್ಕೇ ಜಮಾ ಮಾಡಬೇಕು. ಅವನು ಏನೂ ಹೇಳದೆ, ಸಂದರ್ಭ ನೋಡಿದರೂ ಗೊತ್ತಾಗದೆ ಇದ್ದರೆ ತಗೊಂಡವರು ತಮಗೆ ಸರಿ ಕಂಡ ಬಾಕಿಗೆ ಹಾಕಿಕೊಳ್ಳಬಹುದು. ಇಬ್ಬರೂ ಏನೂ ಹೇಳದೆ, ಏನೂ ಮಾಡದೆ ಬಿಟ್ಟರೆ ಹಳೆಯ ಬಾಕಿಗೆ ಮೊದಲು ಹೋಗುತ್ತದೆ. ಹಾಗಾಗಿ ದುಡ್ಡು ಕೈಗೆ ಬಂದಾಗಲೇ "ಇದು ಯಾತಕ್ಕಪ್ಪ?" ಅಂತ ಕೇಳಿ, ಅವನು ಹೇಳಿದ್ದನ್ನೇ ಬರೆದಿಡಬೇಕು. ನೋಟ್‌ಬುಕ್ಕಾದರೂ ಸರಿ, ಫೋನಾದರೂ ಸರಿ. ಅಡ್ವಾನ್ಸ್ ಅನ್ನೋ ಪದವನ್ನು ನಾನು ಲೆಕ್ಕದಿಂದಲೇ ತೆಗೆದುಹಾಕಿದ್ದೇನೆ. ಒಂದೋ "ಡಿಪಾಜಿಟ್", ಇಲ್ಲಾ "ಸೆಪ್ಟೆಂಬರ್ ಬಾಡಿಗೆ".

ನೋಟ್‌ಬುಕ್ಕೇ ಬೇಕು ಅನ್ನುವವರು ಒಂದು ಬದಲಾವಣೆ ಮಾಡಿಕೊಂಡರೆ ಸಾಕು. ಚೌಕದ ಪುಟ ಬಿಟ್ಟು ಒಂದೊಂದು ಮನೆಗೆ ಒಂದೊಂದು ಪುಟ ಕೊಡಿ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ: ತಾರೀಖು, ವಿವರ, ಬರಬೇಕು, ಬಂತು, ಬಾಕಿ. ತಿಂಗಳ ಮೊದಲ ದಿನ "ಬರಬೇಕು" ಕಡೆ 6,500 ಬರೆಯೋದು. ದುಡ್ಡು ಬಂದಾಗ "ಬಂತು" ಕಡೆ ಬರೆದು, ಬಾಕಿ ಇಳಿಸೋದು. ಡಿಪಾಜಿಟ್ಟಿಗೆ ಅದೇ ಪುಟದ ಹಿಂದುಗಡೆ ಬೇರೆ ಲೆಕ್ಕ. ಹೀಗೆ ಬರೆದಿದ್ದರೆ ಅಕ್ಟೋಬರಿನ 500 ನವೆಂಬರಿಗೆ ತಾನೇ ಇಳಿದು ಬರುತ್ತಿತ್ತು.

ಉದ್ರಿ ಲೆಕ್ಕದ ಆ್ಯಪು

ಕೆಳಗಿನ ಮಳಿಗೆಯವರು ಗಿರಾಕಿಗಳ ಉದ್ರಿಯನ್ನು ಫೋನಿನ ಆ್ಯಪಿನಲ್ಲಿ ಬರೆಯುತ್ತಾರೆ. ನಾನೂ ಅದರಲ್ಲೇ ಮನೆ 3ನ್ನು ಒಬ್ಬ ಗಿರಾಕಿ ಅಂತ ಸೇರಿಸಿ ನೋಡಿದೆ. ಬಳಸೋದು ಸುಲಭ. ಹೆಸರು ಒತ್ತು, ಕೊಟ್ಟದ್ದು ಕೆಂಪು, ಬಂದದ್ದು ಹಸಿರು. ಮೇಲೆ ಒಂದೇ ಒಂದು ಬಾಕಿ.

ಆ "ಒಂದೇ ಒಂದು" ಅನ್ನೋದರಲ್ಲೇ ಸಮಸ್ಯೆ. ಮೊದಲ ದಿನದ 20,000ನ್ನು ಡಿಪಾಜಿಟ್ ಅಂತ ಬಿಟ್ಟು, ಉಳಿದದ್ದೆಲ್ಲ ಹಾಕಿದೆ. ಸೆಪ್ಟೆಂಬರ್ 9ರವರೆಗೆ ಬರಬೇಕಿದ್ದ ಬಾಡಿಗೆ 23,600. ಬಂದದ್ದು 33,600. ಆ್ಯಪು ಹೇಳಿತು: ಈ ಗಿರಾಕಿಗೆ ನೀವೇ 10,000 ಕೊಡಬೇಕು. ಅಕ್ಟೋಬರ್ ಕೊನೆಗೆ ಅದು 9,500 ಆಯಿತು. ಹುಡುಗ ಅಕ್ಟೋಬರಿನಲ್ಲಿ ಐನೂರು ಕಡಿಮೆ ಕೊಟ್ಟಿದ್ದಾನೆ, ಆದರೆ ಪರದೆಯ ಮೇಲೆ ಅವನೇ ಸಾಹುಕಾರ. ಹೀಗೆ ಕಂಡರೆ ಬಾಕಿ ಕೇಳೋಕೆ ಯಾರು ಹೋಗ್ತಾರೆ?

ತಮಾಷೆ ಅಂದರೆ ಕೊನೆಯ ಉತ್ತರ ಸರಿಯಾಗಿಯೇ ಬರುತ್ತದೆ. 20,000 ಮತ್ತು 9,500 ಸೇರಿಸಿದರೆ 29,500. ಬೇರೆ ಬೇರೆ ಮಾಡಿದರೂ 30,000ದಲ್ಲಿ 500 ಕಳೆದು 29,500. ಹಾಗಾಗಿ "ಆ್ಯಪ್ ಲೆಕ್ಕ ತಪ್ಪಲ್ಲ" ಅಂತ ವಾದ ಮಾಡುವವರ ಮಾತೂ ನಿಜ. ಮನೆ ಬಿಡುವ ದಿನ ಅದು ಸರಿ. ಅದಕ್ಕೆ ಮೊದಲಿನ ಆರು ತಿಂಗಳೂ ತಪ್ಪು ದಾರಿ ತೋರಿಸುತ್ತದೆ. ಬಾಡಿಗೆ ಪಟ್ಟಿ ಬೇಕಾಗೋದೇ ನಡುವಿನ ತಿಂಗಳುಗಳಿಗೆ.

ಇದಕ್ಕೊಂದು ಉಪಾಯ ಇದೆ. ಒಬ್ಬ ಬಾಡಿಗೆದಾರನನ್ನು ಇಬ್ಬರು ಗಿರಾಕಿ ಮಾಡಿ: "ಮನೆ 3 ಬಾಡಿಗೆ" ಮತ್ತು "ಮನೆ 3 ಡಿಪಾಜಿಟ್". 27 ಆಗಸ್ಟಿನ ಏಳು ಸಾವಿರವನ್ನು ಎರಡು ಸಲ ಬರೆಯಬೇಕು, 2,000 ಇಲ್ಲಿ, 5,000 ಅಲ್ಲಿ. ಇಷ್ಟು ಮಾಡಿದರೆ ಆ್ಯಪೂ ನಡೆಯುತ್ತದೆ. ನಾನು ನೋಡಿದ ಆ್ಯಪಿನಲ್ಲಿ ಪ್ರತಿ ತಿಂಗಳ ಬಾಡಿಗೆಯನ್ನು ನಾವೇ ಕೂತು ಹಾಕಬೇಕಿತ್ತು. ಒಂದು ತಿಂಗಳು ಮರೆತರೆ ಆ ಬಾಕಿ ಹುಟ್ಟೋದೇ ಇಲ್ಲ. ಇನ್ನೊಂದು: ನೆನಪಿನ ಎಸ್ಸೆಮ್ಮೆಸ್ ತಾನೇ ಹೋಗುವ ಹಾಗೆ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಇಪ್ಪತ್ತು ವರ್ಷದಿಂದ ಇರುವ ಟೇಲರ್ ಅಣ್ಣಾರಿಗೆ "ನಿಮ್ಮ ಬಾಕಿ ಕೂಡಲೇ ಪಾವತಿಸಿ" ಅಂತ ಮೆಸೇಜ್ ಹೋದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಗೂಗಲ್ ಶೀಟ್ಸ್

ನಾವು ಕೊನೆಗೆ ಉಳಿಸಿಕೊಂಡದ್ದು ಇದನ್ನು. ಆದರೆ ಮೊದಲ ಪ್ರಯತ್ನ ನಾನೇ ಹಾಳು ಮಾಡಿದೆ. ಅಪ್ಪಾಜಿಯ ಚೌಕದ ಪುಟವನ್ನೇ ಶೀಟಿಗೆ ಇಳಿಸಿದೆ, ತಿಂಗಳಿಗೊಂದು ಕಾಲಂ. ಬಾಕಿ ಕಾಲಮ್ಮಿಗೆ ಒಂದು ಸೂತ್ರ ಹಾಕಿದೆ: ಬಾಡಿಗೆ ಗುಣಿಸು ತಿಂಗಳು, ಅದರಿಂದ ಬಂದದ್ದು ಕಳೆ. ಒಂದು ಮನೆಯ ಬಾಡಿಗೆ 6,000ದಿಂದ 6,500 ಆದಾಗ ಬಾಡಿಗೆಯ ಅಂಕಿ ತಿದ್ದಿದೆ. ತಕ್ಷಣ ಆ ಮನೆಯ ಹಳೆಯ ಹನ್ನೊಂದು ತಿಂಗಳಿಗೂ ಐನೂರರಂತೆ ಬಾಕಿ ಏರಿತು! 5,500 ಎಲ್ಲಿಂದ ಬಂತು ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ನಮ್ಮಲ್ಲಿ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದನ್ನು ತಪ್ಪಿಸೋಕೆ ಈ ಹನ್ನೊಂದು. ಪ್ರತಿ ಹೊಸ ಕರಾರಿಗೆ ಬಾಡಿಗೆ ಏರುತ್ತದೆ, ಅಂದರೆ ಈ ತಪ್ಪು ಪ್ರತಿ ವರ್ಷ ಕಾದು ಕೂತಿರುತ್ತದೆ.

ಆದ್ದರಿಂದ ಬರಬೇಕಾದದ್ದನ್ನು ಸೂತ್ರದಿಂದ ಹುಟ್ಟಿಸಬೇಡಿ. ಒಂದೊಂದು ತಿಂಗಳಿಗೂ ಒಂದು ಸಾಲು, ಅಂಕಿಯನ್ನೇ ಟೈಪ್ ಮಾಡಿ. ಆರು ಮನೆಗೆ ತಿಂಗಳಿಗೆ ಆರು ಸಾಲು, ಹಿಂದಿನ ತಿಂಗಳದ್ದನ್ನು ಕಾಪಿ ಮಾಡಿ ತಾರೀಖು ಬದಲಿಸಿದರೆ ಎರಡು ನಿಮಿಷದ ಕೆಲಸ.

ಈಗ ನಮ್ಮ ಶೀಟಿನಲ್ಲಿ ಮೂರು ಹಾಳೆ ಇವೆ. `ಬರಬೇಕು` ಹಾಳೆಯಲ್ಲಿ ನಾಲ್ಕು ಕಾಲಂ: A ಗಡುವಿನ ತಾರೀಖು, B ಮನೆ, C ಬಗೆ, D ಮೊತ್ತ. `ಬಂತು` ಹಾಳೆಯಲ್ಲೂ ಅದೇ ನಾಲ್ಕು, A ಮಾತ್ರ ದುಡ್ಡು ಬಂದ ತಾರೀಖು. ಅದರ ಪಕ್ಕ ಇನ್ನೆರಡು ಕಾಲಂ: ನಗದಾ ಫೋನ್‌ಪೇನಾ, ಯಾರ ಕೈಗೆ ಬಂತು. ಮೂರನೆಯದು `ಪಟ್ಟಿ`. ಅದರಲ್ಲಿ ಮನೆಗೊಂದು ಸಾಲು, ಅಲ್ಲಿ ಬಾಕಿಯನ್ನು ಯಾರೂ ಕೈಯಿಂದ ಬರೆಯೋ ಹಾಗಿಲ್ಲ. ಬಾಡಿಗೆ ಬಾಕಿಯ ಸೂತ್ರ ಇದು:

```
=SUMIFS('ಬರಬೇಕು'!D:D,'ಬರಬೇಕು'!B:B,A2,'ಬರಬೇಕು'!C:C,"ಬಾಡಿಗೆ",'ಬರಬೇಕು'!A:A,"<="&TODAY())
-SUMIFS('ಬಂತು'!D:D,'ಬಂತು'!B:B,A2,'ಬಂತು'!C:C,"ಬಾಡಿಗೆ")
```

A2ದಲ್ಲಿ ಮನೆಯ ಹೆಸರು, "ಮನೆ 3". ಇವತ್ತಿನವರೆಗೆ ಗಡುವು ಮುಗಿದ ಬಾಡಿಗೆಯನ್ನೆಲ್ಲ ಕೂಡಿಸಿ, ಬಂದ ಬಾಡಿಗೆಯನ್ನು ಕಳೆಯುತ್ತದೆ. ಮುಂದಿನ ತಿಂಗಳ ಸಾಲು ಮೊದಲೇ ಬರೆದಿಟ್ಟರೂ ಅದು ಬಾಕಿಯಲ್ಲಿ ಸೇರೋದಿಲ್ಲ, ಆ ಕೆಲಸ `TODAY()` ಮಾಡುತ್ತದೆ. ಕೈಯಲ್ಲಿರುವ ಡಿಪಾಜಿಟ್ಟಿಗೆ ಇನ್ನೂ ಸುಲಭ:

```
=SUMIFS('ಬಂತು'!D:D,'ಬಂತು'!B:B,A2,'ಬಂತು'!C:C,"ಡಿಪಾಜಿಟ್")
```

ಮನೆ 3ರ ಲೆಕ್ಕ ಇದರಲ್ಲಿ ಹಾಕಿದಾಗ ಅಕ್ಟೋಬರ್ 25ಕ್ಕೆ ಪಟ್ಟಿ ಹೀಗೆ ಹೇಳುತ್ತಿತ್ತು: ಡಿಪಾಜಿಟ್ ಒಪ್ಪಿದ್ದು 30,000, ಕೈಯಲ್ಲಿರುವುದು 30,000, ಬಾಡಿಗೆ ಬಾಕಿ 500. ಮೂರು ಅಂಕಿ, ಜಗಳವೇ ಇಲ್ಲ. ಜುಲೈ ಒಂದನೇ ತಾರೀಖಿಗೆ ನೋಡಿದ್ದರೆ ಒಪ್ಪಿದ್ದು 30,000, ಬಂದದ್ದು 20,000 ಅಂತ ಇರುತ್ತಿತ್ತು. ಬಾಡಿಗೆ ಬಾಕಿಯ ಹಾಗೆ ಡಿಪಾಜಿಟ್ ಬಾಕಿಯೂ ಇರುತ್ತದೆ ಅನ್ನೋದನ್ನು ಬಹಳ ಜನ ಪಟ್ಟಿಯಲ್ಲಿ ತೋರಿಸೋದೇ ಇಲ್ಲ.

ಒಂದು ವಿಚಿತ್ರ ಕಾಣಬಹುದು, ಗಾಬರಿ ಬೇಡ. ಹುಡುಗ ನವೆಂಬರ್ 8ಕ್ಕೇ ಕೊಟ್ಟ, ಗಡುವು 10. ಆ ಎರಡು ದಿನ ಬಾಕಿ ಮೈನಸ್ 6,000 ಅಂತ ಕಾಣುತ್ತದೆ. 10ನೇ ತಾರೀಖಿಗೆ ಮತ್ತೆ 500 ಆಗುತ್ತದೆ.

ಗಡುವು 10 ಯಾಕೆ? ಮೊದಲು ಎಲ್ಲರಿಗೂ 5 ಅಂತ ಇಟ್ಟಿದ್ದೆ. ಪ್ರತಿ ತಿಂಗಳು ಎರಡು ಮನೆ ಕೆಂಪಾಗಿ ಕಾಣುತ್ತಿದ್ದವು, ಎಂಟಕ್ಕೋ ಒಂಬತ್ತಕ್ಕೋ ತಾವೇ ಸರಿಯಾಗುತ್ತಿದ್ದವು. ಆಮೇಲೆ ತಿಳಿಯಿತು, ಗಿಣಿಗೇರಾಕ್ಕೆ ಕೆಲಸಕ್ಕೆ ಹೋಗುವ ಆ ಇಬ್ಬರಿಗೂ ಸಂಬಳ ಬರೋದೇ 7ರ ಆಸುಪಾಸಿಗೆ. ಸಂಬಳಕ್ಕೆ ಮೊದಲೇ ಗಡುವು ಇಟ್ಟರೆ ಪಟ್ಟಿ ಸುಮ್ನೆ ಕೂಗುತ್ತಿರುತ್ತದೆ, ನಿಜವಾದ ಬಾಕಿ ಬಂದಾಗ ನಾವು ನೋಡೋದಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರ ಮನೆಗೆ 5, ಈ ಇಬ್ಬರಿಗೆ 10, ಮಳಿಗೆಗಳಿಗೆ 1. ಪ್ರತಿ ಮನೆಗೂ ಬೇರೆ ಗಡುವು ಇಡೋಕೆ ಆಗೋದು ಶೀಟಿನ ದೊಡ್ಡ ಅನುಕೂಲ. ಚೌಕದ ಪುಟದಲ್ಲಿ ಇದು ಕಾಣೋದೇ ಇಲ್ಲ.

ಶೀಟು ಕೆಡೋದು ಎಲ್ಲಿ

ಎರಡು ಕಡೆ. ಎರಡೂ ಸದ್ದಿಲ್ಲದೆ ಕೆಡುತ್ತವೆ.

ಮೊದಲನೆಯದು ತಾರೀಖು. ಹೊಸ ಶೀಟಿನ ಲೊಕೇಲ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ನೀವು 10/08/2024 ಅಂತ ಬರೆದದ್ದು ಆಗಸ್ಟ್ 10. ಅದು ಓದಿದ್ದು ಅಕ್ಟೋಬರ್ 8. ಆಗಸ್ಟ್ ಬಾಡಿಗೆ ಎರಡು ತಿಂಗಳು ತಡವಾಗಿ ಬಾಕಿಗೆ ಬರುತ್ತದೆ. 20/07/2024 ಅಂತ ಬರೆದರೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಖು ಅಂತ ಒಪ್ಪೋದೇ ಇಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. `ಬರಬೇಕು` ಹಾಳೆಯಲ್ಲಿ ಹಾಗಾದರೆ ಆ ಸಾಲು ಲೆಕ್ಕಕ್ಕೇ ಬರಲ್ಲ. ಕಣ್ಣಿಗೆ ಕಾಣುವ ಗುರುತು: ನಿಜವಾದ ತಾರೀಖು ಶೀಟಿನ ಚೌಕದೊಳಗೆ ಬಲಕ್ಕೆ ಅಂಟಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಶುರುವಿನಲ್ಲೇ `File → Settings → Locale` ಹೋಗಿ `India` ಅಂತ ಇಟ್ಟುಬಿಡಿ.

ಎರಡನೆಯದು ಕಾಗುಣಿತ. ನಾನು "ಡಿಪಾಜಿಟ್" ಅಂತ ಬರೆದೆ, ತಂಗಿ "ಡೆಪಾಸಿಟ್" ಅಂತ ಬರೆದಳು. ಸೂತ್ರಕ್ಕೆ ಎರಡೂ ಬೇರೆ. ಅವಳು ಹಾಕಿದ ಐದು ಸಾವಿರ ಪಟ್ಟಿಯಿಂದ ಮಾಯ. "ಮನೆ 3" ಮತ್ತು "ಮನೆ3" ಕೂಡ ಹಾಗೇ. `Data → Data validation` ಒಳಗೆ ಹೋಗಿ ಮನೆಗೂ ಬಗೆಗೂ ಆರಿಸುವ ಪಟ್ಟಿ ಮಾಡಿದರೆ ಟೈಪ್ ಮಾಡುವ ಮಾತೇ ಇಲ್ಲ. ಆದರೂ ತಿಂಗಳಿಗೊಮ್ಮೆ ನಾನು ಒಂದು ತಾಳೆ ನೋಡುತ್ತೇನೆ. `ಬಂತು` ಹಾಳೆಯ D ಕಾಲಂ ಪೂರ್ತಿ ಕೂಡಿಸೋದು. ಪಟ್ಟಿಯಲ್ಲಿ ಎಲ್ಲ ಮನೆಗಳ ಬಾಡಿಗೆ, ಡಿಪಾಜಿಟ್, ಕರೆಂಟ್ ಅಂತ ಬಂದದ್ದನ್ನು ಬೇರೆ ಕೂಡಿಸೋದು. ಎರಡೂ ಒಂದೇ ಇರಬೇಕು. ವ್ಯತ್ಯಾಸ ಬಂದರೆ ಎಲ್ಲೋ ಒಂದು ಸಾಲು ತಪ್ಪು ಹೆಸರಿನಲ್ಲಿ ಕೂತಿದೆ ಅಂತ ಅರ್ಥ.

ಫೋನ್‌ಪೇ, ಗೂಗಲ್ ಪೇ ದುಡ್ಡಿಗೆ ಇನ್ನೊಂದು ಎಚ್ಚರ. ಬಾಡಿಗೆ ಕೊಡುವವನ ಹೆಸರಲ್ಲೇ ಬರಬೇಕು ಅಂತೇನಿಲ್ಲ. ಅವನ ಅಣ್ಣ ಹಾಕಿರಬಹುದು, ಗೆಳೆಯ ಹಾಕಿರಬಹುದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಹೆಸರು ನೋಡಿದರೆ ಯಾವ ಮನೆಯದು ಅಂತ ಆರು ತಿಂಗಳ ನಂತರ ಗೊತ್ತಾಗಲ್ಲ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಸಾಲಿನ ಪಕ್ಕ ಬರೆದರೆ ಸಾಕು.

ಮನೆ ಬಿಡುವ ದಿನ

ಪದ್ಧತಿಗಳ ನಡುವಿನ ವ್ಯತ್ಯಾಸ ಜಾಸ್ತಿ ಕಾಣೋದು ಇವತ್ತೇ. ನೋಟ್‌ಬುಕ್ಕಿನವರು ಬಾಯಲ್ಲೇ ಲೆಕ್ಕ ಹೇಳಿ, ಉಳಿದದ್ದು ಕೊಟ್ಟು ಕಳಿಸುತ್ತಾರೆ. ಶೀಟಿನಲ್ಲಿ ಡಿಪಾಜಿಟ್ಟನ್ನು ಸಾಲು ಸಾಲಾಗಿ ಕರಗಿಸಬೇಕು. ಮನೆ 3ರಲ್ಲಿ ಕೊನೆಯ ಜೆಸ್ಕಾಂ ಬಿಲ್ 430 ಕಟ್ಟದೆ ಉಳಿದಿತ್ತು. ಮೊದಲು `ಬರಬೇಕು` ಹಾಳೆಯಲ್ಲಿ "ಕರೆಂಟ್ 430" ಅಂತ ಒಂದು ಸಾಲು. ಆಮೇಲೆ `ಬಂತು` ಹಾಳೆಯಲ್ಲಿ ಐದು ಸಾಲು: ಡಿಪಾಜಿಟ್ ಮೈನಸ್ 500, ಬಾಡಿಗೆ 500. ಡಿಪಾಜಿಟ್ ಮೈನಸ್ 430, ಕರೆಂಟ್ 430. ಕೊನೆಗೆ ಅವನ ಕೈಗೆ ಕೊಟ್ಟದ್ದು, ಡಿಪಾಜಿಟ್ ಮೈನಸ್ 29,070.

ಈಗ ಪಟ್ಟಿ ನೋಡಿ. ಬಾಡಿಗೆ ಬಾಕಿ ಸೊನ್ನೆ, ಕರೆಂಟ್ ಬಾಕಿ ಸೊನ್ನೆ, ಡಿಪಾಜಿಟ್ ಸೊನ್ನೆ. ಮೂರೂ ಸೊನ್ನೆ ಆದರೆ ಮಾತ್ರ ಆ ಮನೆಯ ಲೆಕ್ಕ ಮುಗಿದಂತೆ. ಒಂದೇ ಒಂದು ಸಾಲು ಬರೆದು "29,070 ಕೊಟ್ಟೆ" ಅಂತ ಬಿಟ್ಟರೆ ಡಿಪಾಜಿಟ್ 930 ಅಂತ ಉಳಿದೇ ಇರುತ್ತದೆ, ಬಾಡಿಗೆ 500, ಕರೆಂಟ್ 430 ಕೂಡ. ಮುಂದೆ ಬರುವ ಬಾಡಿಗೆದಾರನ ಹೆಸರಿಗೆ ಅವು ಅಂಟಿಕೊಳ್ಳುತ್ತವೆ. ಅದಕ್ಕೇ ಹೊಸಬರು ಬಂದಾಗ ನಾನು "ಮನೆ 3" ಬದಲು "ಮನೆ 3 ಬ" ಅಂತ ಹೊಸ ಹೆಸರು ಕೊಡುತ್ತೇನೆ. ಕರೆಂಟ್ ಮಾತು ಬಂದಾಗಲೇ ಇನ್ನೊಂದು: ಬಿಡುವವರು ತಮ್ಮ ಆಧಾರ್ ಮೇಲೆ ಆ ಮೀಟರಿಗೆ ಗೃಹಜ್ಯೋತಿ ನೋಂದಣಿ ಮಾಡಿಸಿದ್ದರೆ ಅದನ್ನು ಬಿಡಿಸಿಕೊಂಡರಾ ಅಂತ ಕೇಳಿ. ಇಲ್ಲದಿದ್ದರೆ ಅವರಿಗೆ ಹೊಸ ಮನೆಯಲ್ಲೂ ತೊಂದರೆ, ನಿಮ್ಮ ಹೊಸ ಬಾಡಿಗೆದಾರರಿಗೂ ತೊಂದರೆ.

ರಸೀದಿ ಮಾತ್ರ ಯಾವ ಪದ್ಧತಿಯಲ್ಲೂ ಕಾಗದದ್ದೇ ಇರಲಿ. ಐದು ಸಾವಿರಕ್ಕಿಂತ ಹೆಚ್ಚು ನಗದು ತಗೊಂಡರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಮಾಡಬೇಕು.

ನಾನಾದರೆ ಯಾವುದು ಆರಿಸುತ್ತೇನೆ

ಎರಡು ಮೂರು ಮನೆ, ಎಲ್ಲರೂ ಪೂರ್ತಿ ಬಾಡಿಗೆ ಒಮ್ಮೆಗೇ ಕೊಡ್ತಾರೆ, ದುಡ್ಡು ಬರೋದು ಒಬ್ಬರ ಕೈಗೇ ಅಂದರೆ ಖಾತೆ ಪುಟದ ನೋಟ್‌ಬುಕ್ಕು. ಶೀಟ್ ಗೀಟ್ ಬೇಡ. ದುಡ್ಡು ಇಬ್ಬರು ಮೂವರ ಫೋನಿಗೆ ಬರುತ್ತೆ, ಕಂತಿನಲ್ಲಿ ಬರುತ್ತೆ, ಡಿಪಾಜಿಟ್ ಅರ್ಧ ಬಾಕಿ ಇದೆ ಅಂದರೆ ಶೀಟು. ನಡುವೆ ಆ್ಯಪು, ಅದೂ ಒಬ್ಬರಿಗೆ ಎರಡು ಖಾತೆ ಮಾಡುವ ತಾಳ್ಮೆ ಇದ್ದರೆ ಮಾತ್ರ. ಶೀಟಿನ ಅನುಕೂಲಗಳಲ್ಲಿ ಅರ್ಧಕ್ಕರ್ಧ ಇರೋದು ಅದನ್ನು ಇಬ್ಬರು ತೆರೆಯಬಹುದು ಅನ್ನೋದರಲ್ಲಿ. ಅವ್ವನ ಫೋನಿಗೆ ದುಡ್ಡು ಬಂದರೆ ತಂಗಿ ಅಲ್ಲಿಂದಲೇ ಒಂದು ಸಾಲು ಹಾಕುತ್ತಾಳೆ.

ಅಪ್ಪಾಜಿ ನೋಟ್‌ಬುಕ್ಕು ಬಿಟ್ಟಿಲ್ಲ, ನಾನೂ ಬಿಡಿಸಿಲ್ಲ. ಈಗ ಟಿಕ್ ಬದಲು ತಾರೀಖು, ಮೊತ್ತ, "ಯಾತಕ್ಕ" ಅಂತ ಬರೆಯುತ್ತಾರೆ. ರವಿವಾರ ನಾನು ಅದನ್ನು ನೋಡಿ ಶೀಟಿಗೆ ಹಾಕುತ್ತೇನೆ.

ಹಳೆಯ ಬಾಡಿಗೆದಾರರ ಲೆಕ್ಕ ಹೊಸ ಪದ್ಧತಿಗೆ ತರೋದು ಹೇಗೆ ಅನ್ನೋದೇ ನಮಗೆ ಜಾಸ್ತಿ ಕಷ್ಟವಾದದ್ದು. ಹತ್ತು ವರ್ಷದ ಟಿಕ್ಕುಗಳನ್ನೆಲ್ಲ ಮತ್ತೆ ಬರೆಯೋ ಹಾಗಿಲ್ಲ, ಬೇಕೂ ಇಲ್ಲ. ಒಂದು ತಾರೀಖು ಹಿಡಿದೆವು, 2025ರ ಏಪ್ರಿಲ್ 1. ಅವತ್ತಿಗೆ ಯಾರ ಡಿಪಾಜಿಟ್ ಎಷ್ಟು, ಬಾಕಿ ಎಷ್ಟು ಅಂತ ಒಂದೊಂದು ಚೀಟಿ ಬರೆದು ಎಲ್ಲರ ಸಹಿ ತಗೊಂಡೆವು. ಆ ಎರಡು ಅಂಕಿಗಳೇ ಶೀಟಿನ ಮೊದಲ ಸಾಲು. ಟೇಲರ್ ಅಣ್ಣಾರ ಡಿಪಾಜಿಟ್ ಮಾತ್ರ ನಮ್ಮ ಯಾವ ಬುಕ್ಕಿನಲ್ಲೂ ಇರಲಿಲ್ಲ. ಅವರು ಮಷೀನಿನ ಡ್ರಾವರಿನಿಂದ ಹಳೆಯ ಡೈರಿ ತೆಗೆದು ನನ್ನ ಮುಂದೆ ಇಟ್ಟರು. "ನೋಡ್ರಿ ತಮ್ಮಾ, ಹದಿನೈದು ಸಾವಿರ. ಮೂರು ಸಲ ಕೊಟ್ಟೀನಿ, ಮೂರೂ ಸಲ ನಿಮ್ಮ ಅಪ್ಪಾರ ಸಹಿ ಐತಿ." ಸಹಿ ಅಪ್ಪಾಜಿಯದೇ. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ, ಮೂರೂ ಕಡೆ, "ಅಡ್ವಾನ್ಸ್".